ಅಂಗಡಿಯಲ್ಲಿ ಇಂಟರ್ನ್‌ಶಿಪ್ ಕೇಳುವ ಪತ್ರ ಹೀಗಿರಲಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮೂರ ಕಡೆಯವರ ಕಿರಾಣಿ ಅಂಗಡಿಗೆ ನಾನು ಇಂಟರ್ನ್‌ಶಿಪ್ ಕೇಳಿ ಪತ್ರ ಕೊಟ್ಟಿದ್ದೆ. "ಸೋಶಿಯಲ್ ಮೀಡಿಯಾ ನೋಡಿಕೊಳ್ಳುತ್ತೇನೆ" ಅಂತ ಸುಮ್ನೆ ಬರೆದರೆ ಸಾಲದು. ನಾನು ಬರೆದದ್ದು ಇಷ್ಟು:

"ಅಣ್ಣಾ, ನಾಲ್ಕು ವಾರ, ದಿನಾ ಸಂಜೆ ಎರಡು ಗಂಟೆ ಬರುತ್ತೇನೆ. ಮೊದಲ ವಾರ ಉದ್ರಿ ಪುಸ್ತಕದಲ್ಲಿರುವ ಗಿರಾಕಿಗಳ ಹೆಸರು, ನಂಬರ್, ಬಾಕಿ ಎಲ್ಲ ಗೂಗಲ್ ಶೀಟ್‌ಗೆ ಹಾಕುತ್ತೇನೆ. ಆಮೇಲೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿಯ ಫೋಟೋ, ಬೆಲೆ ಹಾಕಿ ಕ್ಯಾಟಲಾಗ್ ಮಾಡುತ್ತೇನೆ. ಶೀಟ್ ನಿಮ್ಮ ಜಿಮೇಲ್‌ನಲ್ಲೇ ಇರುತ್ತದೆ, ನನ್ನದರಲ್ಲಿ ಅಲ್ಲ."

ಈ ಕೊನೆಯ ಮಾತಿಗೇ ಅವರು ಒಪ್ಪಿದ್ದು. ಗಿರಾಕಿಗಳ ನಂಬರ್ ಅಂದರೆ ಅಂಗಡಿಯ ಆಸ್ತಿ, ಅಲ್ವಾ?

ಇನ್ನೊಂದು ಮಾತು: ಗಿರಾಕಿಗಳಿಗೆಲ್ಲ ಒಟ್ಟಿಗೆ ಕಳಿಸಲು ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿದರೆ, ಆ ಮೆಸೇಜ್ ಅಂಗಡಿಯ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಬಿಲ್ ಕೊಡುವಾಗಲೇ ಗಿರಾಕಿಯನ್ನು ಕೇಳಿ ಸೇವ್ ಮಾಡಿಸಿ.