ನಮ್ಮ ಮಾಡಿನ ನೀರು ಎಷ್ಟು ಟ್ಯಾಂಕರ್ ಉಳಿಸಿತು?

ನಮ್ಮ ಮನೆ ಬದಿಯಡ್ಕದ ಹತ್ತಿರ ಗುಡ್ಡದ ಮೇಲೆ. ಐದು ಜನ ಇದ್ದೇವೆ, ದಿನಕ್ಕೆ ಸುಮಾರು 600 ಲೀಟರ್ ನೀರು ಬೇಕು. ಮಾರ್ಚ್ ನಡುವಿಗೆ ಬಾವಿ ಬತ್ತಿದರೆ ಮತ್ತೆ ಜೂನ್ ಮಳೆ ಹಿಡಿಯುವ ತನಕ ಟ್ಯಾಂಕರೇ ಗತಿ. ಒಂದು ಬೇಸಿಗೆಗೆ 12 ಟ್ಯಾಂಕರ್, ಒಂದೊಂದರಲ್ಲಿ 4,000 ಲೀಟರ್. ಒಂದಕ್ಕೆ 900 ರೂಪಾಯಿ ಕೊಡುತ್ತಿದ್ದೆವು. ಒಟ್ಟು 10,800.

ಮಳೆನೀರು ಹಿಡಿಯುವ ಕೆಲಸಕ್ಕೆ ಎಸ್ಟಿಮೇಟ್ ಕೊಡಲು ಬಂದವರು ಒಂದು ಲೆಕ್ಕ ಹಾಕಿದರು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ನಮ್ಮ ಹಂಚಿನ ಮಾಡು 100 ಚದರ ಮೀಟರ್ ಜಾಗ ಮುಚ್ಚುತ್ತದೆ. ಐದರಲ್ಲಿ ಒಂದು ಪಾಲು ಚೆಲ್ಲಿಹೋದರೂ 2,80,000 ಲೀಟರ್ ಸಿಗುತ್ತದೆ. "ಅಂದ್ರೆ 70 ಟ್ಯಾಂಕರ್ ಅಣ್ಣಾ, 63,000 ರೂಪಾಯಿ ಉಳಿತಾಯ" ಎಂದರು. ಹಾಕಿದ ದುಡ್ಡು ಆರು ತಿಂಗಳಲ್ಲೇ ವಾಪಸ್ ಬರುತ್ತದಂತೆ.

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ನಾನು ಕೊಳ್ಳುವುದೇ 12 ಟ್ಯಾಂಕರ್, ಅಲ್ವಾ? 70 ಉಳಿಯುವುದು ಹೇಗೆ? ಬಿದ್ದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ಆಟಿ ತಿಂಗಳಲ್ಲಿ ನಮ್ಮ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಇರುತ್ತದೆ. ಆಗ ಬಾವಿಗೆ ಎಷ್ಟು ಸುರಿದರೂ ಮುರಕಲ್ಲಿನ ತೂತುಗಳಲ್ಲಿ ಇಳಿದು ಕೆಳಗಿನ ತೋಟದ ಕಡೆಗೆ ಹೋಗುತ್ತದೆ. ಮಾರ್ಚ್‌ಗೆ ಅದು ಉಳಿಯುವುದಿಲ್ಲ. ಲೆಕ್ಕಕ್ಕೆ ಸಿಗುವುದು ಎರಡೇ: ಅಕ್ಟೋಬರ್-ನವೆಂಬರಿನ ಕೊನೆಯ ಮಳೆ ಮತ್ತು ಏಪ್ರಿಲ್-ಮೇ ತಿಂಗಳ ಬೇಸಿಗೆ ಮಳೆ.

ಹೊಸದಾಗಿ 10,000 ಲೀಟರಿನ ಸಿಮೆಂಟ್ ಟ್ಯಾಂಕ್ ಕಟ್ಟಲು 90,000 ಕೇಳಿದರು. ನವೆಂಬರಿನಲ್ಲಿ ತುಂಬಿಸಿ ಮುಚ್ಚಿಟ್ಟರೆ ಮಾರ್ಚ್‌ನಲ್ಲಿ ಎರಡೂವರೆ ಟ್ಯಾಂಕರ್ ನೀರು. ಬೇಸಿಗೆ ಮಳೆಗೆ ಇನ್ನೊಂದಿಷ್ಟು ತುಂಬಿದರೂ ವರ್ಷಕ್ಕೆ ನಾಲ್ಕು ಟ್ಯಾಂಕರ್ ಉಳಿದರೆ ಹೆಚ್ಚು. 3,600 ರೂಪಾಯಿ. ಖರ್ಚು ಹುಟ್ಟಲು 25 ವರ್ಷ ಬೇಕು. ಬೇಡ ಎಂದೆ.

ಟ್ಯಾಂಕರ್ ನೀರು ಖಾಲಿ ಮಾಡಿಸಲು ಮನೆ ಕಟ್ಟುವಾಗಲೇ ಮಾಡಿದ್ದ 5,000 ಲೀಟರಿನ ಸಂಪ್ ನಮ್ಮಲ್ಲಿತ್ತು. ಮಾಡಿನ ನೀರನ್ನು ಒಂದೇ ಪೈಪಿಗೆ ತಂದು ಎರಡು ವಾಲ್ವ್ ಇಡಿಸಿದೆ. ಜೂನ್‌ನಿಂದ ನವೆಂಬರ್ ತನಕ ಬಾವಿಗೆ, ಮಾರ್ಚ್‌ನಿಂದ ಮೇ ತನಕ ಸಂಪಿಗೆ. ಪಿವಿಸಿ ದಂಬೆ ಮತ್ತು ಕ್ಲಾಂಪಿಗೆ 13,500, ಪೈಪು-ವಾಲ್ವಿಗೆ 6,800, ಜಲ್ಲಿ-ಇದ್ದಿಲು-ಮರಳಿನ ಫಿಲ್ಟರ್ ಡ್ರಮ್ಮಿಗೆ 3,700, ಕೂಲಿ 5,000. ಒಟ್ಟು 29,000.

ಮೊದಲ ಮಳೆಗಾಲದಲ್ಲೇ ಫಿಲ್ಟರ್ ಕಟ್ಟಿಕೊಂಡಿತು. ಮಳೆ ನಿಂತು ಅರ್ಧ ಗಂಟೆಯಾದರೂ ಡ್ರಮ್ಮಿನ ಮೇಲೆ ನೀರು ನಿಂತೇ ಇತ್ತು. ಅದೇ ಗುರುತು. ಹಂಚಿನ ಪಾಚಿ ನುಣ್ಣನೆಯ ಮರಳಿನ ಮೇಲೆ ಪದರ ಕಟ್ಟಿತ್ತು. ದೊರಗು ಮರಳು ಹಾಕಿ, ದಂಬೆಯ ಬಾಯಿಗೆ ಬಲೆ ಕಟ್ಟಿದ ಮೇಲೆ ಸರಿಹೋಯಿತು. ಈಗ ಸೆಪ್ಟೆಂಬರ್ ಕೊನೆಗೆ ತಪ್ಪದೆ ಮರಳು ತೊಳೆಸುತ್ತೇನೆ, ಯಾಕೆಂದರೆ ನನಗೆ ಬೇಕಾದ ನೀರು ಬರುವುದು ಅದರ ನಂತರವೇ. ಇದಕ್ಕೆ ವರ್ಷಕ್ಕೆ 600 ರೂಪಾಯಿ.

ಮೊದಲ ಬೇಸಿಗೆಯಲ್ಲಿ ಬಾವಿ ಹತ್ತು ದಿನ ಜಾಸ್ತಿ ಬಂತು. ಅದು ಆ ವರ್ಷದ ಮಳೆಯ ಗುಣವೂ ಆಗಿರಬಹುದಲ್ವಾ? ಅದಕ್ಕೇ ಪಕ್ಕದ ಮನೆ ಅಕ್ಕನನ್ನು ಕೇಳಿದೆ. ಅವರದೂ ಇದೇ ಇಳಿಜಾರಿನ ಬಾವಿ. "ನಮ್ಮದು ಎಂದಿನ ಹಾಗೇ ನಿಂತಿತು ಮಾರಾಯ, ಒಂದು ದಿವಸವೂ ಹೆಚ್ಚು ಬರಲಿಲ್ಲ" ಎಂದರು. ಹಾಗಾಗಿ ಆ ಹತ್ತು ದಿನದ 6,000 ಲೀಟರನ್ನು ಧೈರ್ಯವಾಗಿ ಲೆಕ್ಕಕ್ಕೆ ಸೇರಿಸಿದೆ. ಬೇಸಿಗೆಯ ಐದು ಮಳೆಗೆ ಸಂಪಿಗೆ ಸುಮಾರು 7,000 ಲೀಟರ್ ಬಂತು. ಪ್ರತಿ ಸಲ ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಟ್ಟಿದ್ದೇನೆ, ಧೂಳು ಮತ್ತು ಹಕ್ಕಿ ಹಿಕ್ಕೆ ಇರುತ್ತದೆ. ಆ ವರ್ಷ 12ರ ಬದಲು 9 ಟ್ಯಾಂಕರ್ ತರಿಸಿದೆವು. ಎರಡನೇ ವರ್ಷ ಬೇಸಿಗೆ ಮಳೆ ಚೆನ್ನಾಗಿತ್ತು, 7 ಸಾಕಾಯಿತು.

ಸರಾಸರಿ ನಾಲ್ಕು ಟ್ಯಾಂಕರ್, 3,600 ರೂಪಾಯಿ. ಮರಳು ತೊಳೆಯುವ ಖರ್ಚು ಕಳೆದರೆ 3,000. ಹಾಕಿದ 29,000 ವಾಪಸ್ ಬರಲು ಹತ್ತಿರ ಹತ್ತು ವರ್ಷ. ಸಂಪ್ ಮೊದಲೇ ಇದ್ದದ್ದರಿಂದ ಇಷ್ಟಕ್ಕೆ ಮುಗಿಯಿತು. ಟ್ಯಾಂಕರ್ ದರ 1,200 ಆದರೆ ಏಳು ವರ್ಷಕ್ಕೇ ಬಂದೀತು.

ಪೆರ್ಲದ ಭಾವ ತಮ್ಮ ಮನೆಗೂ ಮಾಡಿಸಬೇಕೆಂದು ಮೊನ್ನೆ ಕೇಳಿದರು. ಅವರಲ್ಲಿ ಸಂಪ್ ಇಲ್ಲ, ಬೇಸಿಗೆಗೆ ಮೂರು ಟ್ಯಾಂಕರ್ ತರಿಸುತ್ತಾರೆ ಅಷ್ಟೆ. "ಈಗ ಬೇಡ ಭಾವಾ, ಒಂದು ಬೇಸಿಗೆ ಟ್ಯಾಂಕರ್ ಬಂದ ದಿನವನ್ನೆಲ್ಲ ಕ್ಯಾಲೆಂಡರಿನಲ್ಲಿ ಬರೆದಿಡಿ, ಮತ್ತೆ ಕೂತು ಲೆಕ್ಕ ಹಾಕುವ" ಎಂದೆ.