ನೆರಳಿನ ತುದಿ ಯಾವ ಕೊಂಬೆಯದು?

ಮರ ಹತ್ತದೆ ಅದರ ಎತ್ತರ ತಿಳಿಯಲು ನಾನು ಬಳಸಿದ್ದು ಒಂದು ಕೋಲು, ಒಂದು ಟೇಪು ಮತ್ತು ಬಿಸಿಲು. ಸೂರ್ಯ ಬಹಳ ದೂರದಲ್ಲಿರುವುದರಿಂದ ಕೋಲಿಗೂ ಮರಕ್ಕೂ ಬಿಸಿಲು ಒಂದೇ ಓರೆಯಲ್ಲಿ ಬೀಳುತ್ತದೆ. ಎರಡೂ ನೆಟ್ಟಗಿದ್ದು, ನೆಲ ಮಟ್ಟವಾಗಿದ್ದರೆ, ಎರಡು ಸಮರೂಪ ತ್ರಿಭುಜಗಳು ಸಿಗುತ್ತವೆ. ಕೋಲಿನ ಉದ್ದವನ್ನು ಅದರ ನೆರಳಿನಿಂದ ಭಾಗಿಸಿ, ಮರದ ನೆರಳಿನಿಂದ ಗುಣಿಸಿದರೆ ಮುಗಿಯಿತು.

ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, 1.5 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದೆ. ಮಧ್ಯಾಹ್ನದ ಬಿಸಿಲಲ್ಲಿ ಅದರ ನೆರಳು 2 ಮೀಟರ್. ಕೂಡಲೇ ಮರದ ನೆರಳನ್ನೂ ಅಳೆದೆ, ತಡಮಾಡಿದರೆ ಸೂರ್ಯ ಸರಿದಿರುತ್ತಾನೆ. ಬುಡದಿಂದ ತುದಿಗೆ 23.6 ಮೀಟರ್ ಬಂತು. ಆದರೆ ಅಳತೆ ಕಾಂಡದ ನಡುವಿನಿಂದ ಶುರುವಾಗಬೇಕು, ತೊಗಟೆಯಿಂದಲ್ಲ. ಕಾಂಡದ ಸುತ್ತಳತೆ 2.5 ಮೀಟರ್. ಅದನ್ನು 6.28ರಿಂದ ಭಾಗಿಸಿದರೆ ಸುಮಾರು 0.4, ಸೇರಿಸಿದರೆ 24. ಎತ್ತರ 18 ಮೀಟರ್.

ಸಂಜೆ ಮತ್ತೆ ಅಳೆದೆ. ಕೋಲಿನ ನೆರಳು 3.6, ಮರದ್ದು 41.6. ಎತ್ತರ 17.3! ಮರ ಕುಗ್ಗುವುದಿಲ್ಲವಲ್ಲ.

ನೆರಳಿನ ಅಂಚು ಮಸುಕಾಗಿದ್ದದ್ದು ನಿಜ. ಸೂರ್ಯ ಚುಕ್ಕಿಯಲ್ಲ, ಅಗಲವಾದ ಬಿಲ್ಲೆ. ಮಧ್ಯಾಹ್ನ ಮರದ ನೆರಳಿನ ತುದಿಯಲ್ಲಿ ಅರ್ಧ ಮೀಟರ್‌ನಷ್ಟಿದ್ದ ಮಸುಕು ಸಂಜೆಗೆ ಒಂದು ಮೀಟರ್ ದಾಟಿತ್ತು. ಆದರೆ ಕೋಲಿನದ್ದಕ್ಕೂ ಮರದ್ದಕ್ಕೂ ಮಸುಕಿನ ನಡುವನ್ನೇ ಗುರುತು ಹಿಡಿದಿದ್ದೆ. 70 ಸೆಂಟಿಮೀಟರ್ ವ್ಯತ್ಯಾಸ ಅದರಿಂದ ಬಂದಿದ್ದಂತೆ ಕಾಣಲಿಲ್ಲ.

ಕಾರಣ ಮರದ ತಲೆ. ಅದು ಅರ್ಧ ಚೆಂಡಿನಂತೆ ಗುಂಡಾಗಿತ್ತು. ನೆರಳಿನ ತುದಿ ಬೀಳುವುದು ನೆತ್ತಿಯಿಂದಲ್ಲ, ಬಿಸಿಲು ಸವರಿಕೊಂಡು ಹೋಗುವ ಪಕ್ಕದ ಕೊಂಬೆಯಿಂದ. ಆ ಕಿರಣವನ್ನು ಹಿಂದಕ್ಕೆ ಎಳೆದರೆ ಅದು ಕಾಂಡದ ನೇರಕ್ಕೆ ಬರುವುದು ನೆತ್ತಿಗಿಂತ ಮೇಲೆ. ಹಾಗಾಗಿ ಲೆಕ್ಕ ಯಾವಾಗಲೂ ಜಾಸ್ತಿಯೇ ಬರುತ್ತದೆ, ಸೂರ್ಯ ಮೇಲಿದ್ದಷ್ಟೂ ಇನ್ನೂ ಜಾಸ್ತಿ.

ಎಷ್ಟು ಜಾಸ್ತಿ ಎನ್ನುವುದನ್ನೂ ಕೋಲಿನ ತ್ರಿಭುಜವೇ ಹೇಳುತ್ತದೆ. ಕೋಲಿನ ತುದಿಯಿಂದ ನೆರಳಿನ ತುದಿಗೆ ಇರುವ ಓರೆ ಉದ್ದವನ್ನು ನೆರಳಿನಿಂದ ಭಾಗಿಸಿ, 1 ಕಳೆಯಬೇಕು. ಉಳಿದದ್ದನ್ನು ತಲೆಯ ಅರ್ಧ ಅಗಲದಿಂದ ಗುಣಿಸಬೇಕು. ಕೊಂಬೆಗಳ ಅಂಚಿನ ಕೆಳಗೆ ನಿಂತು ಕಾಂಡದ ನಡುವಿಗೆ ಅಳೆದಾಗ ಆ ಅರ್ಧ ಅಗಲ 4 ಮೀಟರ್ ಇತ್ತು. ಮಧ್ಯಾಹ್ನದ ಓರೆ 2.5, ನೆರಳು 2, ಹೆಚ್ಚಾಗಿದ್ದು 1 ಮೀಟರ್. ಸಂಜೆಯ ಓರೆ 3.9, ನೆರಳು 3.6, ಹೆಚ್ಚಾಗಿದ್ದು ಸುಮಾರು 0.33. ಕಳೆದರೆ ಎರಡೂ ಕಡೆ 17 ಮೀಟರ್.

ತಲೆ ಸರಿಯಾದ ಅರ್ಧ ಗೋಲವಲ್ಲದಿದ್ದರೆ ಈ ತಿದ್ದುಪಡಿ ಅಂದಾಜಷ್ಟೇ. ಆಗ ನಾನು ಸಂಜೆಯ ಅಳತೆಯನ್ನೇ ಜಾಸ್ತಿ ನಂಬುತ್ತೇನೆ, ನೆಲ ಅಷ್ಟು ದೂರ ಮಟ್ಟವಾಗಿದ್ದರೆ. ಮೊನಚು ತಲೆಯ ಮರದ ಇಳಿಜಾರು ಬಿಸಿಲಿನ ಓರೆಗಿಂತ ಕಡಿದಾಗಿದ್ದರೆ ಇಷ್ಟೆಲ್ಲಾ ಬೇಡ, ನೆತ್ತಿಯ ನೆರಳೇ ತುದಿಯಲ್ಲಿರುತ್ತದೆ.