ಮೀನ್ ವ್ಯಾಲ್ಯೂ ಥಿಯರಮ್: ಆ c ಎಲ್ಲಿದೆ ಎಂದು ಹುಡುಕುವುದು ಹೇಗೆ?

ಮೀನ್ ವ್ಯಾಲ್ಯೂ ಥಿಯರಮ್ ಹೇಳುವುದು ಇಷ್ಟು: ಕೆಲವು ಷರತ್ತುಗಳು ಸರಿ ಇದ್ದರೆ, ಇಂಟರ್‌ವಲ್‌ನ ಎರಡು ತುದಿಗಳ ನಡುವೆ ಎಲ್ಲೋ ಒಂದು ಬಿಂದು c ಇರುತ್ತದೆ, ಅಲ್ಲಿನ ಡೆರಿವೇಟಿವ್ ಗ್ರಾಫ್‌ನ ತುದಿಯಿಂದ ತುದಿಗೆ ಎಳೆದ ಗೆರೆಯ ಸ್ಲೋಪ್‌ಗೆ ಸಮ. ಮೊದಲು ಒಂದು ಲೆಕ್ಕ ನೋಡೋಣ. f(x) = x^(2/3), ಇಂಟರ್‌ವಲ್ [−1, 8]. ಮೀನ್ ವ್ಯಾಲ್ಯೂ ಥಿಯರಮ್ ಹೇಳುವ c ಯಾವುದು?

ಹೆಚ್ಚಿನವರು ನೇರವಾಗಿ ಲೆಕ್ಕಕ್ಕೆ ಇಳಿಯುತ್ತಾರೆ. f(8) = 4, f(−1) = 1. ವ್ಯತ್ಯಾಸ 3, ಇಂಟರ್‌ವಲ್‌ನ ಉದ್ದ 9, ಹಾಗಾಗಿ ಸ್ಲೋಪ್ 1/3. ಡೆರಿವೇಟಿವ್ (2/3)·x^(−1/3). ಎರಡನ್ನೂ ಸಮ ಮಾಡಿದರೆ c = 8 ಬರುತ್ತದೆ. ಉತ್ತರ ಬಂತು ಎಂದು ಪೆನ್ನು ಕೆಳಗಿಡುವ ಹೊತ್ತಿಗೆ ಒಂದು ತಕರಾರು ಎದುರಾಗುತ್ತದೆ. ಥಿಯರಮ್ ಮಾತು ಕೊಟ್ಟಿದ್ದು −1 ಮತ್ತು 8ರ *ನಡುವಿನ* ಬಿಂದುವಿನ ಬಗ್ಗೆ. ಸಿಕ್ಕಿದ್ದು ತುದಿ. ಒಳಗೆ ಅಂಥ ಬಿಂದು ಒಂದೂ ಇಲ್ಲ.

ಥಿಯರಮ್ ಸುಳ್ಳಾಯಿತೇ? ಇಲ್ಲ. ಅದರ ಷರತ್ತುಗಳನ್ನು ನಾವು ನೋಡಲೇ ಇಲ್ಲ, ಅಷ್ಟೇ. x = 0ಯಲ್ಲಿ ಈ ಗ್ರಾಫ್‌ಗೆ ಚೂಪಾದ ಮೊನೆ ಇದೆ, ಅಲ್ಲಿ ಡೆರಿವೇಟಿವ್ ಇಲ್ಲ. ಆ 0 ಇಂಟರ್‌ವಲ್‌ನ ಒಳಗೇ ಕೂತಿದೆ. ಆದ್ದರಿಂದ c ಹುಡುಕುವ ಕೆಲಸ ಷರತ್ತುಗಳಿಂದಲೇ ಶುರುವಾಗಬೇಕು.

ಮೊದಲ ಹೆಜ್ಜೆ: ಎರಡು ಷರತ್ತು

ಒಂದು, ಫಂಕ್ಷನ್ [a, b] ಪೂರ್ತಿ, ಎರಡೂ ತುದಿ ಸೇರಿ, ಕಂಟಿನ್ಯುಯಸ್ ಆಗಿರಬೇಕು. ಎರಡು, (a, b) ಒಳಗೆ ಪ್ರತಿ ಬಿಂದುವಿನಲ್ಲೂ ಡಿಫರೆನ್ಶಿಯಬಲ್ ಆಗಿರಬೇಕು. ಮೊದಲನೆಯದರಲ್ಲಿ ಚೌಕ ಬ್ರಾಕೆಟ್, ಎರಡನೆಯದರಲ್ಲಿ ದುಂಡು ಬ್ರಾಕೆಟ್. ಈ ವ್ಯತ್ಯಾಸ ಸುಮ್ನೆ ಬಂದದ್ದಲ್ಲ.

ತುದಿಗಳಲ್ಲಿ ಕಂಟಿನ್ಯೂಟಿ ಯಾಕೆ ಬೇಕು? 0ಯಿಂದ 1ರವರೆಗೆ f(x) = x ಎಂದಿಟ್ಟುಕೊಳ್ಳಿ, ಆದರೆ x = 1ರಲ್ಲಿ ಮಾತ್ರ f(1) = 0 ಎಂದು ಬದಲಿಸಿ. ಒಳಗೆಲ್ಲ ಡೆರಿವೇಟಿವ್ 1. ತುದಿಯಿಂದ ತುದಿಗೆ ಎಳೆದ ಗೆರೆಯ ಸ್ಲೋಪ್ ಮಾತ್ರ 0. ಎರಡೂ ಸಮವಾಗುವ ಬಿಂದು ಎಲ್ಲೂ ಸಿಗುವುದಿಲ್ಲ. ಒಂದೇ ಒಂದು ತುದಿ ಜಿಗಿದದ್ದಕ್ಕೆ ಇಡೀ ಥಿಯರಮ್ ಕೈಕೊಟ್ಟಿತು.

ತುದಿಗಳಲ್ಲಿ ಡೆರಿವೇಟಿವ್ ಇಲ್ಲದಿದ್ದರೆ ಮಾತ್ರ ನಷ್ಟವಿಲ್ಲ. f(x) = √x, [0, 4] ತೆಗೆದುಕೊಳ್ಳಿ. ಡೆರಿವೇಟಿವ್ 1/(2√x), ಇದು 0ಯಲ್ಲಿ ಇಲ್ಲ. ‘ಷರತ್ತು ಮುರಿಯಿತು’ ಎಂದು ಬರೆದು ಅಂಕ ಕಳೆದುಕೊಳ್ಳುವ ಜಾಗ ಇದೇ. 0 ಇಲ್ಲಿ ತುದಿ, ಒಳಗಿನ ಬಿಂದುವಲ್ಲ. ಕಂಟಿನ್ಯೂಟಿ ಇದೆ, ಹಾಗಾಗಿ ಥಿಯರಮ್ ನಡೆಯುತ್ತದೆ. ಸ್ಲೋಪ್ 2/4 = 1/2. 1/(2√c) = 1/2 ಎಂದರೆ c = 1.

ಷರತ್ತು ನೋಡುವಾಗ ಪ್ರತಿ ಬಿಂದುವನ್ನೂ ತಡಕಬೇಕಾಗಿಲ್ಲ. ಪಾಲಿನಾಮಿಯಲ್, sin x, cos x, e^x ಎಲ್ಲೆಡೆ ಎರಡೂ ಷರತ್ತು ಪಾಲಿಸುತ್ತವೆ. ಹಾಗೆಂದು ಒಂದು ಸಾಲು ಬರೆದರೆ ಸಾಕು. ಅನುಮಾನ ಪಡಬೇಕಾದ ಜಾಗಗಳು ಕೆಲವೇ. ಛೇದ ಸೊನ್ನೆಯಾಗುವ ಕಡೆ, ಮಾಡ್ಯುಲಸ್ ಒಳಗಿನದು ಸೊನ್ನೆಯಾಗುವ ಕಡೆ, ರೂಟ್ ಅಥವಾ ಭಿನ್ನರಾಶಿ ಪವರ್ ಇರುವ ಕಡೆ, ಎರಡು ಸೂತ್ರಗಳು ಸೇರುವ ಕಡೆ. ಆ ಬಿಂದುಗಳನ್ನು ಹುಡುಕಿ, ಅವು ಇಂಟರ್‌ವಲ್ ಒಳಗಿವೆಯೇ, ತುದಿಯಲ್ಲಿವೆಯೇ, ಹೊರಗಿವೆಯೇ ಎಂದು ನೋಡಿ. ಹೊರಗಿದ್ದರೆ ನಮಗೆ ಸಂಬಂಧವಿಲ್ಲ.

ಎರಡನೇ ಹೆಜ್ಜೆ: ಸ್ಲೋಪ್ ಮತ್ತು ಸಮೀಕರಣ

ಈಗ ಒಂದು ಲೆಕ್ಕವನ್ನು ಪೂರ್ತಿ ಮಾಡೋಣ. f(x) = x³ − 6x² + 9x + 1, ಇಂಟರ್‌ವಲ್ [0, 4].

ಇದು ಪಾಲಿನಾಮಿಯಲ್, ಎರಡೂ ಷರತ್ತು ಸರಿ. ತುದಿಗಳ ಬೆಲೆ: f(0) = 1. f(4) = 64 − 96 + 36 + 1 = 5. ಸ್ಲೋಪ್ (5 − 1)/(4 − 0) = 1. ಅಂದರೆ ಗ್ರಾಫ್‌ನ ಎರಡು ತುದಿಗಳನ್ನು ಸೇರಿಸುವ ಗೆರೆಯ ಸ್ಲೋಪ್ 1. ಅದಕ್ಕೆ ಸಮಾನಾಂತರವಾದ ಸ್ಪರ್ಶರೇಖೆ ಗ್ರಾಫ್‌ಗೆ ಎಲ್ಲಿ ತಾಗುತ್ತದೆ ಎಂಬುದೇ ನಮ್ಮ ಹುಡುಕಾಟ.

f′(x) = 3x² − 12x + 9. ಇದನ್ನು 1ಕ್ಕೆ ಸಮ ಮಾಡಿ:

```
3c² − 12c + 9 = 1
3c² − 12c + 8 = 0
c = (12 ± √48)/6 = 2 ± 2/√3
```

c ಸುಮಾರು 0.845 ಅಥವಾ 3.155.

ಇಲ್ಲಿ ಒಂದು ಎಚ್ಚರ. f′(x)ನ್ನು ಅಭ್ಯಾಸಬಲದಿಂದ ಸೊನ್ನೆಗೆ ಸಮ ಮಾಡುವವರು ಜಾಸ್ತಿ. ಗರಿಷ್ಠ, ಕನಿಷ್ಠ ಹುಡುಕಿ ಹುಡುಕಿ ಕೈ ಹಾಗೇ ಓಡುತ್ತದೆ. ಸೊನ್ನೆ ಬರುವುದು f(a) = f(b) ಇದ್ದಾಗ ಮಾತ್ರ. ಅದು ರೋಲ್ ಥಿಯರಮ್, ಇದರದ್ದೇ ಒಂದು ವಿಶೇಷ ಸಂದರ್ಭ.

ಮೂರನೇ ಹೆಜ್ಜೆ: ಸಿಕ್ಕ c ಒಳಗಿದೆಯೇ?

0.845, 3.155 ಎರಡೂ 0 ಮತ್ತು 4ರ ನಡುವೆಯೇ ಇವೆ. ಹಾಗಾದರೆ ಯಾವುದನ್ನು ಬರೆಯಬೇಕು? ಎರಡನ್ನೂ. ಥಿಯರಮ್ ‘ಕನಿಷ್ಠ ಒಂದಾದರೂ ಇದೆ’ ಎನ್ನುತ್ತದೆ, ಒಂದೇ ಇದೆ ಎನ್ನುವುದಿಲ್ಲ.

ಅದೇ ಫಂಕ್ಷನ್, ಆದರೆ ಇಂಟರ್‌ವಲ್ [1, 4] ಮಾಡಿ. f(1) = 1 − 6 + 9 + 1 = 5, f(4) ಕೂಡ 5. ಸ್ಲೋಪ್ 0. ಈಗ 3c² − 12c + 9 = 0, ಅಂದರೆ c = 1 ಅಥವಾ 3. ಇವುಗಳಲ್ಲಿ 1 ತುದಿ, ಅದನ್ನು ಬಿಡಬೇಕು. ಉಳಿಯುವುದು c = 3 ಒಂದೇ. ಸಮೀಕರಣಕ್ಕೆ ಎರಡು ಉತ್ತರ ಬಂದರೂ ಥಿಯರಮ್‌ಗೆ ಒಂದೇ ಉತ್ತರ. ಯಾವುದನ್ನು ಯಾಕೆ ಬಿಟ್ಟಿರಿ ಎಂದು ಒಂದು ಸಾಲು ಬರೆಯಿರಿ.

ಷರತ್ತುಗಳು ಸರಿ ಇದ್ದೂ ಒಳಗೆ ಒಂದೂ c ಸಿಗದಿದ್ದರೆ, ತಪ್ಪು ನಿಮ್ಮ ಲೆಕ್ಕದಲ್ಲೇ ಇದೆ. f(a), f(b) ಮತ್ತೆ ನೋಡಿ. ಮೈನಸ್ ಗುರುತು ತಪ್ಪುವುದು ಸಾಮಾನ್ಯವಾಗಿ ಅಲ್ಲೇ.

ತ್ರಿಕೋನಮಿತಿಯಲ್ಲಿ ಇನ್ನೊಂದು ಬಲೆ ಇದೆ. f(x) = sin x, [0, π/2]. ಸ್ಲೋಪ್ 2/π, ಅಂದರೆ cos c = 0.6366. ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿದ್ದರೆ 50.46 ಎಂದು ತೋರಿಸುತ್ತದೆ. π/2 ಅಂದರೆ ಸುಮಾರು 1.57, 50.46 ಅದರ ಹೊರಗೆ ಎಂದು ‘c ಇಲ್ಲ’ ಅಂತ ಬರೆದುಬಿಡಬೇಡಿ. ರೇಡಿಯನ್ ಮೋಡ್‌ಗೆ ಹಾಕಿದರೆ ಸುಮಾರು 0.881 ಬರುತ್ತದೆ, ಸರಿಯಾಗಿ ಒಳಗೆ.

ಷರತ್ತು ಮುರಿದಾಗ ಏನು ಬರೆಯಬೇಕು?

‘ಥಿಯರಮ್ ಅನ್ವಯಿಸುವುದಿಲ್ಲ’ ಎಂದು ಬರೆಯಿರಿ, ಯಾವ ಬಿಂದುವಿನಲ್ಲಿ ಯಾವ ಷರತ್ತು ಮುರಿಯಿತು ಎಂಬುದನ್ನೂ ಹೇಳಿ. ‘c ಇಲ್ಲವೇ ಇಲ್ಲ’ ಎಂದು ಮಾತ್ರ ಬರೆಯಬೇಡಿ. ಅದು ಬೇರೆಯೇ ಮಾತು, ಅಲ್ವಾ? f(x) = x^(1/3), [−1, 1] ನೋಡಿ. 0ಯಲ್ಲಿ ಸ್ಪರ್ಶರೇಖೆ ನೆಟ್ಟಗೆ ನಿಂತಿದೆ, ಹಾಗಾಗಿ ಡೆರಿವೇಟಿವ್ ಇಲ್ಲ, ಎರಡನೇ ಷರತ್ತು ಮುರಿದಿದೆ. ಆದರೂ ಸ್ಲೋಪ್ 1ಕ್ಕೆ (1/3)·c^(−2/3) ಸಮ ಮಾಡಿದರೆ c = ±1/(3√3), ಸುಮಾರು ±0.192. ಎರಡೂ ಒಳಗೇ ಇವೆ. x^(2/3)ಗೆ ಸಿಗದ ಬಿಂದು x^(1/3)ಗೆ ಎರಡೆರಡು ಸಿಕ್ಕವು. ಷರತ್ತು ಮುರಿದಾಗ ಥಿಯರಮ್ ಬಾಯಿ ಮುಚ್ಚಿಕೊಳ್ಳುತ್ತದೆ. c ಇದೆಯೋ ಇಲ್ಲವೋ ಎಂಬುದನ್ನು ಸಮೀಕರಣ ಬಿಡಿಸಿಯೇ ನೋಡಬೇಕು.